ಕುಲುಮೆಯಲ್ಲಿ ಸೋರಿಹೋಗುವ ಕರೆಂಟ್: ಅಲ್ಯೂಮಿನಿಯಂ ಕ್ಯಾನ್ ಮತ್ತು ಫಾಯಿಲ್‌ನ ಹಿಂದಿನ ಲೆಕ್ಕ

ಹೊಸ ಅಲ್ಯೂಮಿನಿಯಂ ಮಾಡುವ ಬದಲು ಹಳೆಯದನ್ನೇ ಕರಗಿಸಿದರೆ ಶೇ 95ರಷ್ಟು ಶಕ್ತಿ ಉಳಿಯುತ್ತದೆ ಅನ್ನುವ ಮಾತನ್ನು ನೀವೂ ಎಲ್ಲೋ ಓದಿರುತ್ತೀರಿ. ಸುಳ್ಳೇನಲ್ಲ. ಆದರೆ ಆ ಲೆಕ್ಕಕ್ಕೆ ಒಂದು ಷರತ್ತಿದೆ. ಕುಲುಮೆಗೆ ಹಾಕಿದ ಲೋಹ ಹಾಕಿದಷ್ಟೇ ವಾಪಸ್ ಬರಬೇಕು, ಅದೂ ಮತ್ತೆ ಅದೇ ಕೆಲಸಕ್ಕೆ ಬರುವ ಹಾಗಿರಬೇಕು. ಇವೆರಡೂ ಸುಲಭವಲ್ಲ. ನೂರಿಪ್ಪತ್ತು ವರ್ಷಕ್ಕೂ ಹೆಚ್ಚಿನ ಅಲ್ಯೂಮಿನಿಯಂ ಕಥೆಯಲ್ಲಿ ಎಡವಿದ್ದೆಲ್ಲ ಹೆಚ್ಚುಕಡಿಮೆ ಇಲ್ಲೇ.

ಮೊದಲು ಹೊಸ ಲೋಹ ಯಾಕಷ್ಟು ದುಬಾರಿ ಅಂತ ನೋಡೋಣ. ಅಲ್ಯೂಮಿನಿಯಂ ಆಮ್ಲಜನಕವನ್ನು ಹಿಡಿದರೆ ಬಿಡುವುದೇ ಇಲ್ಲ. ಕಬ್ಬಿಣದ ಅದಿರನ್ನು ಇದ್ದಿಲಿನ ಜೊತೆ ಕಾಯಿಸಿದರೆ ಕಬ್ಬಿಣ ಸಿಗುತ್ತದೆ, ಇದು ಹಾಗೆ ಮಣಿಯುವುದಿಲ್ಲ. 1886ರಲ್ಲಿ ಅಮೆರಿಕದ ಚಾರ್ಲ್ಸ್ ಹಾಲ್, ಫ್ರಾನ್ಸಿನ ಪಾಲ್ ಹೆರೂ, ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ದಾರಿ ಕಂಡುಕೊಂಡರು. ಬಾಕ್ಸೈಟ್ ಅದಿರಿನಿಂದ ತೆಗೆದ ಬಿಳಿ ಪುಡಿಯನ್ನು, ಅಂದರೆ ಅಲ್ಯೂಮಿನಾವನ್ನು, ಸುಮಾರು 960 ಡಿಗ್ರಿಯಲ್ಲಿ ಕರಗಿದ ಕ್ರಯೋಲೈಟ್ ಅನ್ನುವ ಖನಿಜದಲ್ಲಿ ಕರಗಿಸಿ ಅದರ ಮೂಲಕ ವಿದ್ಯುತ್ ಹರಿಸುವುದು. ಇವತ್ತಿಗೂ ಅದೇ ವಿಧಾನ. ಒಂದು ಕಿಲೋ ಲೋಹಕ್ಕೆ ಸುಮಾರು ನಾಲ್ಕು ಕಿಲೋ ಬಾಕ್ಸೈಟ್ ಬೇಕು, ಹೀಗೆ ವಿದ್ಯುತ್ ಹರಿಸಿ ಲೋಹ ಬಿಡಿಸುವ ಎಲೆಕ್ಟ್ರಾಲಿಸಿಸ್ ಒಂದಕ್ಕೇ ಸುಮಾರು 14 ಯೂನಿಟ್ ಕರೆಂಟ್ ಬೇಕು.

ಈ ಹಸಿವು ಎಂಥದ್ದು ಅಂತ ನಮ್ಮ ಬೆಳಗಾವಿಗೂ ಗೊತ್ತು. 1970ರ ಸುಮಾರಿಗೆ ಅಲ್ಲಿ ಇಂಡಾಲ್ ಕಂಪನಿಯ ಕಾರ್ಖಾನೆಯಲ್ಲಿ ಅಲ್ಯೂಮಿನಾ ಜೊತೆ ಲೋಹವನ್ನೂ ತಯಾರಿಸುತ್ತಿದ್ದರು. ಆದರೆ ಅಷ್ಟೊಂದು ವಿದ್ಯುತ್ತನ್ನು ಗಿಟ್ಟುವ ದರದಲ್ಲಿ ಹೊಂದಿಸುವುದು ಆಗಲಿಲ್ಲ. ಲೋಹ ತೆಗೆಯುವ ಭಾಗ ನಿಂತಿತು, ಅಲ್ಯೂಮಿನಾ ಘಟಕ ಮಾತ್ರ ಉಳಿಯಿತು.

ಈಗ ಕರಗಿಸುವ ಕಡೆಗೆ ಬನ್ನಿ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಒಂದು ಕಿಲೋವನ್ನು ತಣ್ಣಗಿರುವಲ್ಲಿಂದ ಕರಗುವ ತನಕ ಒಯ್ಯಲು ಬೇಕಾದ ಶಾಖ ಮೂರನೇ ಒಂದು ಯೂನಿಟ್‌ಗಿಂತ ಕಡಿಮೆ. ಕುಲುಮೆಯಿಂದ ಹೊರಹೋಗುವ ಬಿಸಿಯನ್ನೂ ಸೇರಿಸಿ ಒಂದು ಯೂನಿಟ್ ಅಂತ ಧಾರಾಳವಾಗಿ ಹಿಡಿಯೋಣ. 14 ಎಲ್ಲಿ, 1 ಎಲ್ಲಿ! ಅದಿರು ಅಗೆಯುವುದು, ಅಲ್ಯೂಮಿನಾ ಮಾಡುವುದು ಎಲ್ಲ ಸೇರಿಸಿದರೆ ಅಂತರ ಇನ್ನೂ ದೊಡ್ಡದಾಗುತ್ತದೆ. ಆ ಶೇ 95 ಬಂದದ್ದು ಹೀಗೆ. ಇವತ್ತಿನ ಒಂದು ಖಾಲಿ ಪಾನೀಯದ ಕ್ಯಾನ್ ಸುಮಾರು 13 ಗ್ರಾಂ ತೂಗುತ್ತದೆ, ಅಂದರೆ ಕಿಲೋಗೆ 75ರ ಆಸುಪಾಸು. ಭಾಗಿಸಿ ನೋಡಿದರೆ ಒಂದೊಂದು ಕ್ಯಾನಿನಲ್ಲೂ 9 ವಾಟ್ ಎಲ್‌ಇಡಿ ಬಲ್ಬನ್ನು 20 ಗಂಟೆ ಉರಿಸುವಷ್ಟು ಕರೆಂಟ್ ಅಡಗಿದೆ.

ಹಾಗಿದ್ದರೆ ಹಳೆಯದನ್ನೆಲ್ಲ ತಂದು ಸುರಿದು ಕರಗಿಸಿದರೆ ಆಯಿತಲ್ವಾ? ಎರಡನೇ ಮಹಾಯುದ್ಧದ ಕಾಲದಲ್ಲಿ ಜನ ಹೀಗೇ ಯೋಚಿಸಿದ್ದರು. 1940ರ ಜುಲೈನಲ್ಲಿ ಬ್ರಿಟನ್ನಿನ ವಿಮಾನ ಉತ್ಪಾದನಾ ಸಚಿವ ಲಾರ್ಡ್ ಬೀವರ್‌ಬ್ರೂಕ್ ಗೃಹಿಣಿಯರಿಗೆ ಮನವಿ ಮಾಡಿದ. ಅಲ್ಯೂಮಿನಿಯಂ ಪಾತ್ರೆಪಗಡ ಕೊಡಿ, ಯುದ್ಧವಿಮಾನ ಮಾಡುತ್ತೇವೆ ಅಂತ. ಮಾರನೇ ವರ್ಷ ಅಮೆರಿಕದಲ್ಲೂ ಇಂಥದ್ದೇ ಅಭಿಯಾನ ನಡೆಯಿತು. ಬೀದಿಬೀದಿಯಲ್ಲಿ ಪಾತ್ರೆಗಳ ರಾಶಿ ಬಿತ್ತು. ತೊಂದರೆ ಏನೆಂದರೆ ವಿಮಾನದ ಮಿಶ್ರಲೋಹಕ್ಕೆ ಕಟ್ಟುನಿಟ್ಟು ಜಾಸ್ತಿ. ತಾಮ್ರ ಇಷ್ಟೇ, ಮೆಗ್ನೀಸಿಯಂ ಇಷ್ಟೇ, ಕಬ್ಬಿಣವಂತೂ ತೀರಾ ಕಡಿಮೆ ಇರಬೇಕು. ಬಾಣಲೆ, ಕೆಟಲ್, ಕಬ್ಬಿಣದ ರಿವೆಟ್ ಹೊಡೆದ ಹಿಡಿಕೆ ಎಲ್ಲ ಒಟ್ಟಿಗೆ ಕರಗಿದ ಲೋಹದಲ್ಲಿ ಏನಿದೆ ಅಂತ ಹೇಳುವವರು ಯಾರು? ಅಮೆರಿಕದಲ್ಲಿ ಕೂಡಿಸಿದ ಪಾತ್ರೆಗಳ ಲೋಹ ವಿಮಾನಕ್ಕೆ ಒಗ್ಗಲಿಲ್ಲ, ಬೇರೆ ಸಾಮಾನಿಗೆ ಹೋಯಿತು. ಜನರ ಹುಮ್ಮಸ್ಸಿಗೆ ಒಳ್ಳೆಯದಾಯಿತು ಅಂತ ಬೇಕಾದರೆ ಹೇಳಬಹುದು.

ಕ್ಯಾನ್ ಈ ತೊಡಕನ್ನು ಬಹುಮಟ್ಟಿಗೆ ಬಿಡಿಸಿತು. ಎಲ್ಲ ಕ್ಯಾನೂ ಒಂದೇ ಥರ, ಒಳಗಿನ ಲೋಹ ಏನೆಂದು ಮೊದಲೇ ಗೊತ್ತು. 1959ರಲ್ಲಿ ಅಮೆರಿಕದ ಕೊಲರಾಡೋ ರಾಜ್ಯದ ಕೂರ್ಸ್ ಬಿಯರ್ ಕಂಪನಿ ಅಲ್ಯೂಮಿನಿಯಂ ಕ್ಯಾನ್ ತಂದಾಗಲೇ, ಖಾಲಿ ಕ್ಯಾನ್ ವಾಪಸ್ ಕೊಟ್ಟವರಿಗೆ ಒಂದು ಸೆಂಟ್ ಕೊಡುವುದಾಗಿ ಹೇಳಿತು. ಮರುಬಳಕೆ ಆಮೇಲೆ ಅಂಟಿಸಿದ ಸದ್ಗುಣವಲ್ಲ, ಲೋಹ ದುಬಾರಿ ಅನ್ನುವ ವ್ಯಾಪಾರದ ಲೆಕ್ಕವೇ ಮೊದಲ ದಿನದಿಂದ ಇತ್ತು.

ಆದರೂ 1960ರ ದಶಕ ಗೊಂದಲದ್ದೇ. ಆಗ ಬಹಳಷ್ಟು ಕ್ಯಾನ್‌ಗಳ ಮೈ ಉಕ್ಕಿನದು, ಮುಚ್ಚಳ ಮಾತ್ರ ಅಲ್ಯೂಮಿನಿಯಂ. ಉಕ್ಕಿನವರಿಗೂ ಬೇಡ, ಅಲ್ಯೂಮಿನಿಯಂನವರಿಗೂ ಬೇಡ. ಜೊತೆಗೆ ಅರ್ಮಲ್ ಫ್ರೇಜ್ ಅನ್ನುವವರು ರೂಪಿಸಿದ ಕಿತ್ತು ತೆಗೆಯುವ ಉಂಗುರ ಬಂತು. ಕಿತ್ತವರು ಅಲ್ಲೇ ಎಸೆದರು, ಸಮುದ್ರ ತೀರದಲ್ಲಿ ಬರಿಗಾಲಲ್ಲಿ ನಡೆದವರ ಅಂಗಾಲು ಸೀಳಿತು. ಆ ಚೂರು ಲೋಹ ಯಾವ ಕುಲುಮೆಗೂ ವಾಪಸ್ ಬರಲಿಲ್ಲ. 1975ರಲ್ಲಿ ಡೇನಿಯಲ್ ಕಡ್ಜಿಕ್ ರೂಪಿಸಿದ, ಮುಚ್ಚಳಕ್ಕೇ ಅಂಟಿಕೊಂಡಿರುವ ಟ್ಯಾಬ್ ಬಂದ ಮೇಲೆ ಇಡೀ ಕ್ಯಾನ್ ಒಂದೇ ತುಂಡಾಗಿ ಉಳಿಯಿತು. ಈಗ ನೀವು ಎತ್ತಿ ತೆರೆಯುವುದು ಅದನ್ನೇ.

ಕ್ಯಾನನ್ನು ಸ್ವಲ್ಪ ಹತ್ತಿರದಿಂದ ನೋಡಿ. ಮೈಗೆ ಒಂದು ಮಿಶ್ರಲೋಹ, ಅದರಲ್ಲಿ ಮ್ಯಾಂಗನೀಸ್ ಮತ್ತು ಮೆಗ್ನೀಸಿಯಂ ತಲಾ ಸುಮಾರು ಶೇ 1. ಮುಚ್ಚಳ ಗಟ್ಟಿಯಾಗಿರಬೇಕು, ಅದಕ್ಕೆ ಮೆಗ್ನೀಸಿಯಂ ಸುಮಾರು ಶೇ 4.5. ಒಳಗೆ ಪಾನೀಯ ಲೋಹಕ್ಕೆ ತಾಗದಂತೆ ತೆಳು ಪ್ಲಾಸ್ಟಿಕ್ ಲೇಪ, ಹೊರಗೆ ಬಣ್ಣ. ದೊಡ್ಡ ಘಟಕಗಳಲ್ಲಿ ಮೊದಲು ಕ್ಯಾನ್‌ಗಳನ್ನು ಚೂರು ಮಾಡಿ, ಮ್ಯಾಗ್ನೆಟ್ಟಿನಿಂದ ಕಬ್ಬಿಣ ತೆಗೆದು, ಸುಮಾರು 500 ಡಿಗ್ರಿಯ ಗೂಡಿನಲ್ಲಿ ಬಣ್ಣ ಮತ್ತು ಲೇಪವನ್ನು ಸುಟ್ಟು ತೆಗೆಯುತ್ತಾರೆ. ಆಮೇಲೆ ಚೂರುಗಳನ್ನು ಕರಗಿದ ಲೋಹದ ಮೇಲೆ ತೇಲಲು ಬಿಡದೆ ಸುಳಿ ಎಬ್ಬಿಸಿ ಒಳಕ್ಕೆ ಮುಳುಗಿಸುತ್ತಾರೆ. ಮೇಲೆ ತೇಲಿದರೆ ಗಾಳಿ ತಾಗಿ ಲೋಹ ಉರಿದು ಬೂದಿಯಾಗುತ್ತದೆ.

ನನ್ನ ಪ್ರಕಾರ ಇಡೀ ವಿಷಯದ ಗುಟ್ಟು ಇಲ್ಲಿದೆ. ಉರಿದ ಲೋಹ ಮತ್ತೆ ಅಲ್ಯೂಮಿನಾ ಆಗುತ್ತದೆ, ಅಂದರೆ ಹೊರಟಲ್ಲಿಗೇ ವಾಪಸ್. ಕುಲುಮೆಯ ಮೇಲೆ ತೇಲುವ ಬೂದು ಬಣ್ಣದ ಕಿಟ್ಟದಲ್ಲಿ ಇದು ಸೇರಿರುತ್ತದೆ, ಕಿಟ್ಟ ಬಳಿದು ತೆಗೆಯುವಾಗ ಒಳ್ಳೆಯ ಲೋಹವೂ ಒಂದಿಷ್ಟು ಜೊತೆಗೆ ಹೋಗುತ್ತದೆ. ಒಂದು ಕಿಲೋದಲ್ಲಿ 100 ಗ್ರಾಂ ಹೀಗೆ ಹೋಯಿತು ಅನ್ನಿ. ಆ 100 ಗ್ರಾಂ ಜಾಗಕ್ಕೆ ಹೊಸ ಲೋಹ ಬೇಕು, ಅದಕ್ಕೆ 1.4 ಯೂನಿಟ್. ಇಡೀ ಕಿಲೋ ಕರಗಿಸಲು ನಾವು ಹಿಡಿದದ್ದು 1 ಯೂನಿಟ್! ಕರಗಿಸುವ ಖರ್ಚಿಗಿಂತ ಕಳೆದುಕೊಂಡದ್ದರ ಖರ್ಚೇ ಜಾಸ್ತಿ. ಕುಲುಮೆಯ ಇಂಧನ ಉಳಿಸುವುದಕ್ಕಿಂತ ಲೋಹ ಉರಿಯದಂತೆ ನೋಡಿಕೊಳ್ಳುವುದಕ್ಕೆ ಈ ಉದ್ಯಮದವರು ತಲೆ ಕೆಡಿಸಿಕೊಳ್ಳುವುದು ಸುಮ್ನೆ ಅಲ್ಲ.

ಫಾಯಿಲ್ ಸೋಲುವುದೂ ಇಲ್ಲೇ. ಕ್ಯಾನಿನ ಗೋಡೆ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪ. ಚಪಾತಿ ಸುತ್ತುವ ಫಾಯಿಲ್ ಅದರ ಒಂಬತ್ತನೇ ಒಂದು ಭಾಗದಷ್ಟು, ಸುಮಾರು 11 ಮೈಕ್ರಾನ್. ಒಂದು ಕಿಲೋ ಫಾಯಿಲ್ ಬಿಡಿಸಿ ಎರಡೂ ಮುಖ ಅಳೆದರೆ ಸುಮಾರು 720 ಚದರ ಅಡಿ, ಒಂದು ಸಣ್ಣ ಬಾಡಿಗೆ ಮನೆಯ ನೆಲದಷ್ಟು. ಅಷ್ಟೂ ಜಾಗಕ್ಕೆ ಗಾಳಿ ತಾಗುತ್ತದೆ. ಬಿಡಿಬಿಡಿಯಾಗಿ ಬೆಂಕಿಗೆ ಬಿದ್ದರೆ ಕರಗುವ ಮೊದಲೇ ಉರಿಯುತ್ತದೆ. ಗಟ್ಟಿಯಾಗಿ ಉಂಡೆ ಮಾಡಿದರೆ ಗಾಳಿಗೆ ಸಿಗುವ ಮೈ ಕಡಿಮೆಯಾಗುತ್ತದೆ, ಆದ್ದರಿಂದಲೇ ಅದನ್ನು ಒತ್ತಿ ಕಟ್ಟಿ ಕಳಿಸುವುದು.

ಫಾಯಿಲ್‌ಗೆ ಅಂಟಿದ ಎಣ್ಣೆ, ಮಸಾಲೆ ಇನ್ನೊಂದು ರಗಳೆ. ಎಣ್ಣೆ ಹೊತ್ತಿ ಉರಿದರೆ ಅಲ್ಲಿ ಶಾಖ ಏರಿ ಲೋಹವೂ ಜೊತೆಗೆ ಉರಿಯುತ್ತದೆ, ಉಳಿದ ಇದ್ದಿಲು ಕಿಟ್ಟ ಹೆಚ್ಚಿಸುತ್ತದೆ. ತಮಾಷೆ ಅಂದರೆ ಉಪ್ಪು ಮಾತ್ರ ಪರವಾಗಿಲ್ಲ. ಕುಲುಮೆಯವರೇ ಎಷ್ಟೋ ಸಲ ಕಿಟ್ಟದಿಂದ ಲೋಹ ಬಿಡಿಸಲು ಉಪ್ಪು ಸುರಿಯುತ್ತಾರೆ.

ಚಿಪ್ಸ್ ಪ್ಯಾಕೆಟ್ ಫಾಯಿಲ್ ಅಲ್ಲ. ಅದು ಪ್ಲಾಸ್ಟಿಕ್, ಮೇಲೆ ಲೋಹದ ಆವಿಯ ಹೊಳಪು ಅಷ್ಟೇ. ಮುಷ್ಟಿಯಲ್ಲಿ ಹಿಚುಕಿ ಬಿಡಿ: ಫಾಯಿಲ್ ಮುದ್ದೆಯಾಗಿಯೇ ಉಳಿಯುತ್ತದೆ, ಪ್ಯಾಕೆಟ್ ಬಿಚ್ಚಿಕೊಳ್ಳುತ್ತದೆ. ಮಾತ್ರೆ ಶೀಟಿನಲ್ಲಿ ನಿಜವಾದ ಫಾಯಿಲ್ ಇದ್ದರೂ ಸಾಮಾನ್ಯವಾಗಿ ಪಿವಿಸಿ ಪ್ಲಾಸ್ಟಿಕ್ಕಿಗೆ ಅಂಟಿರುತ್ತದೆ, ಸುಟ್ಟರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ.

ಕೊಳೆಯಲ್ಲಿ ಎರಡು ಥರ. ಬಣ್ಣ, ಎಣ್ಣೆ, ಕಾಗದ ಸುಟ್ಟು ಹೋಗುತ್ತವೆ, ನಷ್ಟ ಮಾಡಿದರೂ ಲೋಹದಲ್ಲಿ ಉಳಿಯುವುದಿಲ್ಲ. ಕಬ್ಬಿಣ ಉಳಿಯುತ್ತದೆ, ಮತ್ತು ಅದನ್ನು ತೆಗೆಯುವ ಕೈಗೆಟುಕುವ ದಾರಿ ಇಲ್ಲ. ಗಾಳಿ ಊದಿ ಸುಡೋಣ ಅಂದರೆ ಕಬ್ಬಿಣಕ್ಕಿಂತ ಮೊದಲು ಅಲ್ಯೂಮಿನಿಯಮ್ಮೇ ಉರಿಯುತ್ತದೆ. ಕ್ಯಾನಿಗೆ ಬೆರೆಸುವ ಲೋಹಗಳಲ್ಲಿ ಮೆಗ್ನೀಸಿಯಂ ಒಂದು ಮಾತ್ರ ಅಲ್ಯೂಮಿನಿಯಮ್ಮಿಗಿಂತ ಮುಂಚೆ ಹೋಗುತ್ತದೆ.

ಒಂದು ಲೆಕ್ಕ ಮಾಡೋಣ. ಸೋಡಾ ಬಾಟಲಿಯ ಉಕ್ಕಿನ ಮುಚ್ಚಳ ಸುಮಾರು 2 ಗ್ರಾಂ. ಮಡಚಿದ ಕ್ಯಾನಿನೊಳಗೆ ಸೇರಿಕೊಂಡು ಅದು ಮ್ಯಾಗ್ನೆಟ್ಟಿನಿಂದ ತಪ್ಪಿಸಿಕೊಂಡರೆ, 75 ಕ್ಯಾನ್‌ಗಳ ಲೋಹದಲ್ಲಿ ಕಬ್ಬಿಣ ಶೇ 0.2 ಏರುತ್ತದೆ. ಕ್ಯಾನ್ ಮೈಯ ಲೋಹದಲ್ಲಿ ಶೇ 0.8ಕ್ಕಿಂತ ಹೆಚ್ಚು ಇರಬಾರದು, ಕ್ಯಾನಿನ ಮುಚ್ಚಳದ ಲೋಹದಲ್ಲಿ ಅದರ ಅರ್ಧವೂ ಇರಬಾರದು. ಫಾಯಿಲ್‌ಗೆ ಬಳಸುವ ಒಂದು ಸಾಮಾನ್ಯ ಮಿಶ್ರಲೋಹದಲ್ಲಂತೂ ಕಬ್ಬಿಣ ಹುಟ್ಟಿನಿಂದಲೇ ಶೇ 1ರ ತನಕ ಇರಬಹುದು. ಹೀಗೆಲ್ಲ ಬೆರೆತು ಒಂದು ಕಿಲೋ ಲೋಹ ಶೇ 1 ಮುಟ್ಟಿತು ಅನ್ನಿ. ಹೊಸ ಲೋಹದಲ್ಲೂ ಚೂರು ಕಬ್ಬಿಣ ಇರುವುದರಿಂದ, ಅದನ್ನು 0.8ಕ್ಕೆ ಇಳಿಸಲು ಸುಮಾರು 300 ಗ್ರಾಂ ಹೊಸ ಲೋಹ ಬೆರೆಸಬೇಕು. ಅಲ್ಲಿಗೆ 4 ಯೂನಿಟ್‌ಗೂ ಹೆಚ್ಚು ಕರೆಂಟ್ ಹೋಯಿತು.

ತೂಕ ಜಾಸ್ತಿ ಬರಲಿ ಅಂತ ಕ್ಯಾನಿಗೆ ಮರಳು ತುಂಬಿ ತುಳಿದು ಗುಜರಿಗೆ ಹಾಕುವವರೂ ಇದ್ದಾರೆ. ಮರಳು ಎಲ್ಲವೂ ಕಿಟ್ಟದ ಜೊತೆ ಹೊರಗೆ ಬರುವುದಿಲ್ಲ. ಕರಗಿದ ಅಲ್ಯೂಮಿನಿಯಂ ಮರಳಿನಿಂದ ಆಮ್ಲಜನಕ ಕಿತ್ತುಕೊಳ್ಳುತ್ತದೆ, ಸಿಲಿಕಾನ್ ಲೋಹಕ್ಕೆ ಸೇರುತ್ತದೆ, ಹೀಗಾಗಿ ಎರಡೂ ಕಡೆ ನಷ್ಟ. ನೀರು ಇನ್ನೂ ಅಪಾಯ. ಜಜ್ಜಿದ ಕ್ಯಾನಿನ ಮಡಿಕೆಯಲ್ಲಿ ಒಂದಿಷ್ಟು ಬಿಯರ್ ಉಳಿದು ಅದು ಕರಗಿದ ಲೋಹದೊಳಗೆ ಮುಳುಗಿದರೆ ಕ್ಷಣದಲ್ಲಿ ಆವಿಯಾಗಿ ಲೋಹವನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಸರಿಯಾದ ಘಟಕದಲ್ಲಿ ಮೊದಲು ಒಣಗಿಸುತ್ತಾರೆ, ಗಲ್ಲಿಯ ಸಣ್ಣ ಕುಲುಮೆಯಲ್ಲಿ ಹಾಗೇ ಹಾಕಿಬಿಡುತ್ತಾರೆ.

ನಮ್ಮಲ್ಲಿ ಕ್ಯಾನ್ ಕಸಕ್ಕೆ ಹೋಗುವುದು ಕಡಿಮೆ, ಆಯುವವರು ಬಿಡುವುದಿಲ್ಲ. ಗುಜರಿಯಲ್ಲಿ ಒಳ್ಳೆಯ ಬೆಲೆ ಇದೆ. ಕೊರತೆ ಇರುವುದು ಬೇರೆಬೇರೆಯಾಗಿ ಇಡುವುದರಲ್ಲಿ. ಕ್ಯಾನ್, ಪಾತ್ರೆ, ಎಂಜಿನ್ ಭಾಗ, ಕಿಟಕಿ ಚೌಕಟ್ಟು ಒಂದೇ ಕುಲುಮೆಗೆ ಬಿದ್ದರೆ ಆ ಲೋಹದಿಂದ ಮತ್ತೆ ಕ್ಯಾನ್ ಮಾಡಲಾಗದು, ಎರಕದ ಸಾಮಾನಿಗಷ್ಟೇ ಸರಿ. ಇನ್ನೊಂದು ಪಾಲು ಉಕ್ಕಿನ ಕಾರ್ಖಾನೆಗಳಿಗೆ ಹೋಗುತ್ತದೆ. ಕರಗಿದ ಉಕ್ಕಿನಲ್ಲಿರುವ ಆಮ್ಲಜನಕ ಹೀರಲು ಅಲ್ಯೂಮಿನಿಯಂ ಗಟ್ಟಿಗಳನ್ನು ಅದಕ್ಕೆ ಎಸೆಯುತ್ತಾರೆ, ಅಲ್ಲಿ ಅದು ಅಲ್ಯೂಮಿನಾ ಆಗಿ ಉಕ್ಕಿನ ಕಿಟ್ಟಕ್ಕೆ ಸೇರುತ್ತದೆ. ಆ ಕೆಲಸಕ್ಕೂ ಲೋಹ ಬೇಕೇ ಬೇಕು, ತಪ್ಪೇನಿಲ್ಲ. ಆದರೆ ಹಾಗೆ ಹೋದ ಕ್ಯಾನಿನ, ಕಿಲೋಗೆ 14 ಯೂನಿಟ್‌ನ ಲೆಕ್ಕ ಅಲ್ಲಿಗೇ ಮುಗಿಯುತ್ತದೆ, ಮುಂದಿನ ಕ್ಯಾನಿಗೆ ಮತ್ತೆ ಬಾಕ್ಸೈಟನ್ನೇ ಅಗೆಯಬೇಕು.