ಸ್ಲೈಡಿನಲ್ಲಿ ಕಾಣುವ ಆ ಗೆರೆ, ಆ ಚುಕ್ಕೆ

ಅಂಗಗಳ ಮೇಲ್ಮೈಗೂ ಒಳಗೋಡೆಗೂ ಹೊದಿಕೆಯಾಗಿರುವ ಅಂಗಾಂಶ ಎಪಿಥೀಲಿಯಂ. ಅದನ್ನು ವಿಂಗಡಿಸುವುದು ಕಷ್ಟವಲ್ಲ. ಜೀವಕೋಶಗಳ ಪದರ ಒಂದೇ ಇದ್ದರೆ ಸರಳ, ಜಾಸ್ತಿ ಇದ್ದರೆ ಬಹುಪದರ. ಆಮೇಲೆ ಆಕಾರ: ಚಪ್ಪಟೆ, ಘನ, ಕಂಬ. ಬಹುಪದರದಲ್ಲಿ ಎಲ್ಲಕ್ಕಿಂತ ಮೇಲಿನ ಸಾಲಿನ ಆಕಾರವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ವಿದ್ಯಾರ್ಥಿಗಳು ತಡವರಿಸುವುದು ಜೀವಕೋಶದ ಮೇಲಂಚಿಗೆ ಬಂದಾಗ. ಅಲ್ಲಿನ ಹಲವು ಹೆಸರುಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬರುವ ಮೊದಲೇ ಇಟ್ಟವು. ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಎಷ್ಟು ಕಂಡಿತೋ ಅಷ್ಟಕ್ಕೇ ಹೆಸರು.

ಸಣ್ಣ ಕರುಳಿನ ಸ್ಲೈಡನ್ನೇ ನೋಡಿ. ಕಂಬದಾಕಾರದ ಜೀವಕೋಶಗಳ ತಲೆಯ ಮೇಲೆ ತೆಳುವಾದ ಗುಲಾಬಿ ಪಟ್ಟಿ ಇರುತ್ತದೆ. ಅದರಲ್ಲಿ ನವಿರಾದ ಗೀರುಗಳಿರುವಂತೆ ತೋರಿದ್ದರಿಂದ ಅದು 'ಸ್ಟ್ರಯೇಟೆಡ್ ಬಾರ್ಡರ್' ಆಯಿತು. ಗೀರು ಯಾವುದರದ್ದು ಎಂದು ಬಹುಕಾಲ ತಿಳಿಯಲಿಲ್ಲ. ಅದು ಮೈಕ್ರೋವಿಲ್ಲಸ್‌ಗಳದ್ದು, ಅಂದರೆ ಜೀವಕೋಶದ ಮೇಲಂಚಿನಿಂದ ಬೆರಳಿನಂತೆ ಚಾಚಿದ ಎಳೆಗಳದ್ದು. ಒಂದು ಮೈಕ್ರೋವಿಲ್ಲಸ್ ಸುಮಾರು 1 ಮೈಕ್ರೋಮೀಟರ್ ಎತ್ತರ, 0.1 ಮೈಕ್ರೋಮೀಟರ್ ದಪ್ಪ. ಬೆಳಕಿನ ಸೂಕ್ಷ್ಮದರ್ಶಕಕ್ಕೆ 0.2ಕ್ಕಿಂತ ಹತ್ತಿರದ ಎರಡು ವಸ್ತುಗಳನ್ನು ಬೇರೆ ಮಾಡಿ ತೋರಿಸಲು ಆಗುವುದಿಲ್ಲ. 1950ರ ಹೊತ್ತಿಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಆ ಪಟ್ಟಿಯನ್ನು ಒತ್ತಾಗಿ ನಿಂತ ಮೈಕ್ರೋವಿಲ್ಲೈಗಳಾಗಿ ಬಿಡಿಸಿ ತೋರಿಸಿತು.

ಅದೇ ಪಟ್ಟಿಯ ಬುಡದಲ್ಲಿ, ಎರಡು ಜೀವಕೋಶಗಳ ನಡುವೆ ಒಂದು ಕಪ್ಪು ಚುಕ್ಕೆ ಇರುತ್ತದೆ. ಹಳಬರು ಅದನ್ನು ಟರ್ಮಿನಲ್ ಬಾರ್ ಎಂದರು, ಜೀವಕೋಶಗಳನ್ನು ಅಂಟಿಸುವ ಗಾರೆ ಎಂದುಕೊಂಡರು. 1963ರಲ್ಲಿ ಮೆರಿಲಿನ್ ಫಾರ್ಕ್ವಾರ್ ಮತ್ತು ಜಾರ್ಜ್ ಪಲಾಡೆ ಬೇರೆ ಬೇರೆ ಅಂಗಗಳ ಎಪಿಥೀಲಿಯಂ ನೋಡಿ ಅಲ್ಲಿ ಮೂರು ಕೀಲುಗಳಿವೆ ಎಂದು ತೋರಿಸಿದರು. ಮೇಲಿನದು ಟೈಟ್ ಜಂಕ್ಷನ್: ಅಕ್ಕಪಕ್ಕದ ಪೊರೆಗಳು ಕೂಡಿಕೊಂಡು ಸಂದನ್ನು ಮುಚ್ಚುತ್ತವೆ. ಅದರ ಕೆಳಗಿನದು ಅಡ್ಹೆರೆನ್ಸ್ ಜಂಕ್ಷನ್. ಇವೆರಡೂ ಸೊಂಟಪಟ್ಟಿಯಂತೆ ಜೀವಕೋಶವನ್ನು ಪೂರ್ತಿ ಸುತ್ತುತ್ತವೆ. ಮೂರನೆಯದು ಡೆಸ್ಮೋಸೋಮ್, ಅಲ್ಲಲ್ಲಿ ಮಾತ್ರ ಇರುವ ಬಿಗಿ ಬಿಂದು. ಈ ಸೊಂಟಪಟ್ಟಿಯನ್ನು ಅಡ್ಡ ಕತ್ತರಿಸಿದಾಗ ಚುಕ್ಕೆಯಾಗಿ ಕಾಣುತ್ತದೆ, ಅಷ್ಟೇ. ಮೇಲ್ಮೈಗೆ ಸಮನಾಗಿ ಸೀಳಿದ ಜಾಗದಲ್ಲಿ ಅದೇ ಬಲೆಯಾಗಿ ಕಾಣುತ್ತದೆ.

ಹಳೆಯ ಹೆಸರು ನಿಜಕ್ಕೂ ದಾರಿ ತಪ್ಪಿಸುವುದು ವೃಷಣದಿಂದ ವೀರ್ಯಾಣುಗಳನ್ನು ಒಯ್ಯುವ ನಾಳವಾದ ಎಪಿಡಿಡಿಮಿಸ್‌ನಲ್ಲಿ. ಅಲ್ಲಿನ ಉದ್ದ ಎಳೆಗಳಿಗೆ ಸ್ಟೀರಿಯೋಸಿಲಿಯ ಎನ್ನುತ್ತಾರೆ. ಆದರೆ ಅವು ಕೂದಲಿನಂತೆ ಚಾಚಿ ಬಡಿಯುವ ಸಿಲಿಯ ಅಲ್ಲವೇ ಅಲ್ಲ, ಉದ್ದ ಬೆಳೆದ ಮೈಕ್ರೋವಿಲ್ಲೈ. ಒಳಗೆ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳಿವೆ, ಬಡಿಯುವ ಶಕ್ತಿ ಇಲ್ಲ. ನಿಜವಾದ ಸಿಲಿಯ ಶ್ವಾಸನಾಳದಲ್ಲಿದೆ: ಸುತ್ತ 9 ಜೋಡಿ ನಳಿಕೆ, ನಡುವೆ 2. 1954ರಲ್ಲಿ ಫಾಸೆಟ್ ಮತ್ತು ಪೋರ್ಟರ್ ಈ ರಚನೆಯನ್ನು ವಿವರಿಸಿದರು.

ಎರಡೂ ಕಡೆ ಎಪಿಥೀಲಿಯಂ ಹುಸಿಬಹುಪದರವೇ. ನ್ಯೂಕ್ಲಿಯಸ್‌ಗಳು ಮೇಲೆ ಕೆಳಗೆ ಇದ್ದರೂ ಪ್ರತಿ ಜೀವಕೋಶವೂ ತಳಪೊರೆಯನ್ನು ಮುಟ್ಟಿರುತ್ತದೆ. ಹಾಗಾಗಿ ಪರೀಕ್ಷೆಯಲ್ಲಿ ಇವೆರಡು ಅದಲುಬದಲಾಗುವುದು ಸಹಜ ಅಲ್ವಾ? 40x ಮಸೂರ ಹಾಕಿ ಎಳೆಗಳ ಬುಡ ನೋಡಿ. ಪ್ರತಿ ಸಿಲಿಯಂ ಒಂದು ಬೇಸಲ್ ಬಾಡಿಯಿಂದ ಹೊರಡುತ್ತದೆ, ಅವು ಸಾಲಾಗಿ ಸೇರಿ ಶ್ವಾಸನಾಳದಲ್ಲಿ ದಟ್ಟ ಗೆರೆಯೊಂದು ಮೂಡುತ್ತದೆ. ಎಪಿಡಿಡಿಮಿಸ್‌ನಲ್ಲಿ ಆ ಗೆರೆ ಇಲ್ಲ. ಎಳೆಗಳ ತುದಿ ಒಂದಕ್ಕೊಂದು ಅಂಟಿ ಗೊಂಚಲಾಗಿರುತ್ತದೆ. ಶ್ವಾಸನಾಳದಲ್ಲಿರುವ, ಲೋಳೆ ಸ್ರವಿಸುವ ಗಾಬ್ಲೆಟ್ ಜೀವಕೋಶಗಳೂ ಇಲ್ಲಿ ಇಲ್ಲ, ನಾಳದೊಳಗೆ ವೀರ್ಯಾಣುಗಳ ರಾಶಿ ಇರುತ್ತದೆ.