ವಿಭಕ್ತಿ ಪ್ರತ್ಯಯ: ‘ಮನೆ ಅಲ್ಲಿ’ ಬೇರೆ, ‘ಮನೆಯಲ್ಲಿ’ ಬೇರೆ

‘ಮನೆ ಅಲ್ಲಿ ಇದೆ’ ಎಂದರೆ ಕೈ ತೋರಿಸಿ ದಾರಿ ಹೇಳಿದಂತೆ. ‘ಮನೆಯಲ್ಲಿ ಇದೆ’ ಎಂದರೆ ಹುಡುಕುತ್ತಿರುವ ವಸ್ತು ಮನೆಯ ಒಳಗಿದೆ. ಮೊದಲನೆಯದರಲ್ಲಿ ‘ಅಲ್ಲಿ’ ಸ್ವತಂತ್ರ ಪದ. ಎರಡನೆಯದರಲ್ಲಿ ಅದು ಸಪ್ತಮೀ ವಿಭಕ್ತಿಯ ಪ್ರತ್ಯಯ. ಆದ್ದರಿಂದ ಕರೆಯೋಲೆಯಲ್ಲಿ ‘ವರನ ಮನೆ ಅಲ್ಲಿ ಊಟ’ ಎಂದು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ. ಬಿಟ್ಟ ಜಾಗ ಅರ್ಥವನ್ನೇ ಕದಲಿಸಿರುತ್ತದೆ.

ಅನ್ನು, ಇಂದ, ಗೆ, ಅಲ್ಲಿ ಮುಂತಾದ ವಿಭಕ್ತಿ ಪ್ರತ್ಯಯಗಳು ನಾಮಪದಕ್ಕೆ ಅಂಟಿಕೊಂಡೇ ಬರುತ್ತವೆ. ‘ಮನೆ’ ಎಕಾರದಲ್ಲಿ ಮುಗಿಯುತ್ತದೆ, ‘ಇಂದ’ ಸ್ವರದಿಂದ ಶುರುವಾಗುತ್ತದೆ. ಎರಡು ಸ್ವರಗಳ ನಡುವೆ ‘ಯ್’ ಬಂದು ‘ಮನೆಯಿಂದ’ ಆಗುತ್ತದೆ. ‘ಗೆ’ ವ್ಯಂಜನದಿಂದ ಶುರುವಾಗುವುದರಿಂದ ‘ಮನೆಗೆ’ ಎಂಬಲ್ಲಿ ಅದು ಬೇಕಿಲ್ಲ. ‘ಮರ’ಕ್ಕೆ ದಕಾರ ಬಂದು ‘ಮರದಿಂದ’ ಆಗುತ್ತದೆ. ‘ಬೆಂಗಳೂರು’ ತನ್ನ ಕೊನೆಯ ಉಕಾರವನ್ನು ಬಿಟ್ಟು, ನಡುವೆ ‘ಇನ್’ ಸೇರಿಸಿಕೊಂಡು ‘ಬೆಂಗಳೂರಿನಿಂದ’ ಎನಿಸುತ್ತದೆ. ಫಲಕಗಳ ಮೇಲೆ ಕಾಣುವ ‘ಬೆಂಗಳೂರು ನಿಂದ’ ತಪ್ಪಾಗುವುದು ಇಲ್ಲಿಯೇ: ಆ ನಕಾರ ‘ಇನ್’ನ ಚೂರು, ‘ನಿಂದ’ ಎಂಬ ಪ್ರತ್ಯಯವೇ ಇಲ್ಲ.

ಹಾಗಾದರೆ ‘ಮನೆಯ ಮೇಲೆ’ ಏಕೆ ಬಿಡಿಯಾಗಿ ನಿಲ್ಲುತ್ತದೆ? ‘ಮನೆಯ’ ಎಂಬುದು ಷಷ್ಠೀ ವಿಭಕ್ತಿಯನ್ನು ಆಗಲೇ ಪಡೆದಿದೆ. ಮುಂದೆ ಬರುವ ‘ಮೇಲೆ’ ಸ್ವಂತ ಅರ್ಥವುಳ್ಳ ಪದ. ಅನುಮಾನ ಬಂದರೆ ಅದಕ್ಕೇ ಒಂದು ಪ್ರತ್ಯಯ ಹಚ್ಚಿ ನೋಡಿ: ಮೇಲಿನಿಂದ, ಹತ್ತಿರದಿಂದ, ಮುಂದಿನ. ತಾನೇ ಪ್ರತ್ಯಯವನ್ನು ಹೊರಬಲ್ಲದ್ದು ಪದ. ‘ಇಂದ’ಕ್ಕೆ ಆ ಶಕ್ತಿಯಿಲ್ಲ. ಮಾತಿನಲ್ಲಿ ‘ಮನೆ ಮುಂದೆ’ ಎನ್ನುವಾಗಲೂ ‘ಯ’ ಮರೆಯಾಗಿದೆಯಷ್ಟೇ, ಪದಗಳು ಎರಡೇ.

ಆದರೆ ‘ಒಳಗೆ’ ಎರಡೂ ಕಡೆ ಸಲ್ಲುತ್ತದೆ. ಅದು ಪದವೇ, ಆದರೆ ಸ್ವರದಿಂದ ಶುರುವಾಗುವುದರಿಂದ ಸಂಧಿಯಾಗಿ ‘ಮನೆಯೊಳಗೆ’ ಎಂದೂ ಬರೆಯುತ್ತೇವೆ. ‘ಮನೆಯ ಒಳಗೆ’ ಎಂದರೂ ತಪ್ಪಿಲ್ಲ. ‘ಮನೆ ಇಂದ’ ಎಂಬುದಕ್ಕೆ ಈ ರಿಯಾಯಿತಿ ಸಿಗದು.

ಒಂದು ಸಾಲನ್ನು ತಿದ್ದೋಣ: ‘ಊರು ಇಂದ ತಂದ ಚೀಲ ಮನೆ ಅಲ್ಲಿ ಮೇಜು ಮೇಲೆ ಇದೆ.’ ಮೊದಲ ಎರಡು ಕಡೆ ಪ್ರತ್ಯಯವನ್ನು ಕೂಡಿಸಬೇಕು. ಮೂರನೆಯ ಕಡೆ ಜಾಗ ಹಾಗೆಯೇ ಇರಲಿ, ಷಷ್ಠಿ ಬರಲಿ. ‘ಊರಿನಿಂದ ತಂದ ಚೀಲ ಮನೆಯಲ್ಲಿ ಮೇಜಿನ ಮೇಲೆ ಇದೆ.’

‘ಬಸ್ ನಲ್ಲಿ’ ಎಂದು ಜಾಗ ಬಿಡುವವರ ಕಷ್ಟ ನನಗೆ ಅರ್ಥವಾಗುತ್ತದೆ. ಸುಮ್ಮನೆ ಕೂಡಿಸಿದರೆ ಮೊಬೈಲ್ ಅದನ್ನು ಒತ್ತಕ್ಷರ ಮಾಡಿ ‘ಬಸ್ನಲ್ಲಿ’ ಎಂದು ತೋರಿಸುತ್ತದೆ. ನಡುವೆ U+200C ಎಂಬ ಕಾಣದ ಅಕ್ಷರ ಹಾಕಿದರೆ ‘ಬಸ್‌ನಲ್ಲಿ’ ಎಂದು ಸರಿಯಾಗಿ ಮೂಡುತ್ತದೆ. ಆ ಕೀಲಿ ಸಿಗದಿದ್ದರೆ ‘ಬಸ್ಸಿನಲ್ಲಿ’ ಎಂದು ಬರೆಯಿರಿ. ನನಗಂತೂ ಅದೇ ಇಷ್ಟ.