800 ಮೀಟರ್ ಓಟ: ಮೊದಲ 200ರ ಲೆಕ್ಕ

ಹೈಸ್ಕೂಲ್, ಪಿಯುಸಿ ಹುಡುಗ್ರು 800 ಓಡೋವಾಗ ಕೊನೇ ಸ್ಟ್ರೈಟಲ್ಲಿ ಸತ್ತೋಗ್ತಾರಲ್ಲ, ಎಲ್ರೂ ಸ್ಟ್ಯಾಮಿನಾ ಸಾಲ್ಲಿಲ್ಲ ಅಂತಾರೆ, ಆದ್ರೆ ಬಹಳ ಸಲ ಎಡವಟ್ಟಾಗಿರೋದು ಮೊದಲ 200ರಲ್ಲೇ.

2:10 ಟಾರ್ಗೆಟ್ ಇರೋ ಹುಡುಗನ್ನ ತಗೊಳ್ಳಿ. ಮೊದಲ ಲ್ಯಾಪ್ 63, ಎರಡನೇದು 67 ಸೆಕೆಂಡ್ ಅಂತ ಪ್ಲ್ಯಾನ್. 200-200 ಆಗಿ ಒಡೆದ್ರೆ 30.5, 32.5, 33.5, 33.5. ಎರಡನೇ ಲ್ಯಾಪ್ ಸ್ವಲ್ಪ ನಿಧಾನ ಆಗೋದು ತಪ್ಪೇನಲ್ಲ, 2012ರ ಲಂಡನ್ ಒಲಿಂಪಿಕ್ಸಲ್ಲಿ ಡೇವಿಡ್ ರುಡಿಶಾ 1:40.91 ಓಡಿ ವಿಶ್ವದಾಖಲೆ ಮಾಡ್ದಾಗ್ಲೂ ಮೊದಲ ಲ್ಯಾಪ್ 49.28 ಇತ್ತು, ಎರಡನೇದು 51ರ ಮೇಲೆ ಹೋಗಿತ್ತು.

ಈಗ ಅದೇ ಹುಡುಗ ಗನ್ ಸದ್ದಿಗೆ ನುಗ್ಗಿ ಮೊದಲ 200ನ 28ರಲ್ಲಿ ಓಡ್ದ ಅನ್ಕೊಳ್ಳಿ. ಆಗ ಏನೂ ಕಷ್ಟ ಅನ್ಸಲ್ಲ, ಉಸಿರು ಇನ್ನೂ ಏರಿರಲ್ಲ, ಅದೇ ಮೋಸ ಮಾಡೋದು. ಆಮೇಲೆ 32, 36, 38. 600ರ ಹತ್ರ ವಾಚ್ 1:36 ತೋರಿಸುತ್ತೆ, ಪ್ಲ್ಯಾನ್‌ಗಿಂತ ಅರ್ಧ ಸೆಕೆಂಡ್ ಮುಂದೇನೇ ಇದಾನೆ, ಆದ್ರೆ ಕಾಲು ಕಲ್ಲಾಗಿರುತ್ತೆ, ಮುಗಿಸೋದು 2:14ಕ್ಕೆ. ಅದಕ್ಕೇ ಬರೀ ಲ್ಯಾಪ್ ಟೈಮ್ ನೋಡ್ಬೇಡಿ, 200ರ ಗುರುತಲ್ಲಿ ಒಬ್ರು ನಿಂತು ಟೈಮ್ ಕೂಗ್ಬೇಕು, ಕೇಳಿಸ್ಕೊಂಡು ಓಡೋನಿಗೆ ಸರಿಮಾಡ್ಕೊಳ್ಳೋಕೆ ಇನ್ನೂ ಟೈಮಿರುತ್ತೆ.

400ರಿಂದ 600ರವರೆಗಿನ ಭಾಗ ನನ್ ಪ್ರಕಾರ ರೇಸಿನ ಅತಿ ಕಷ್ಟದ ಜಾಗ, ಯಾಕಂದ್ರೆ ಅದೇ ಸ್ಪೀಡಲ್ಲಿದೀನಿ ಅಂತ ಅನ್ಸುತ್ತೆ ಆದ್ರೆ ನಿಜವಾಗ್ಲೂ ಸ್ಪೀಡ್ ಇಳೀತಿರುತ್ತೆ. ಪೇಸ್ ಉಳಿಸ್ಕೊಳ್ಳೋಕೇ ಇಲ್ಲಿ ಜಾಸ್ತಿ ಎಫರ್ಟ್ ಹಾಕ್ಬೇಕು. ಪ್ರಾಕ್ಟೀಸಲ್ಲಿ 400ನ 63ಕ್ಕೆ ಓಡಿ, ಒಂದ್ ನಿಮಿಷ ರೆಸ್ಟ್ ತಗೊಂಡು, 200ನ 33.5ಕ್ಕೆ ಓಡ್ಸಿ ನೋಡಿ, ಸುಸ್ತಾದ ಕಾಲಲ್ಲಿ ಆ ಪೇಸ್ ಹೇಗಿರುತ್ತೆ ಅಂತ ಮೈಗೇ ಗೊತ್ತಾಗುತ್ತೆ.

ಇನ್ನು ಜಾಗದ ವಿಷಯ. ಲೇನಲ್ಲಿ ಸ್ಟಾರ್ಟ್ ಇದ್ರೆ ಮೊದಲ ಕರ್ವ್ ಮುಗಿಯೋ ಬ್ರೇಕ್ ಲೈನ್ ತನಕ ಲೇನ್ ಬಿಡೋ ಹಾಗಿಲ್ಲ. ದಾಟಿದ ತಕ್ಷಣ ಒಳಗೆ ನುಗ್ಗೋದಲ್ಲ, ಮುಂದಿನ ಕರ್ವ್ ಶುರುವಾಗೋ ಜಾಗಕ್ಕೆ ಕಣ್ಣಿಟ್ಟು ನೇರ ಗೆರೆ ಎಳೆದ ಹಾಗೆ ನಿಧಾನಕ್ಕೆ ಸರೀಬೇಕು, ಇಲ್ದಿದ್ರೆ ದೂರಾನೂ ಜಾಸ್ತಿ, ಡಿಕ್ಕಿನೂ ಆಗುತ್ತೆ. ಆಮೇಲೆ ಮುಂದಿರೋನ ಬೆನ್ನಿಗೇ ಅಂಟ್ಕೋಬೇಡಿ, ಪಕ್ಕದಲ್ಲಿ ಇನ್ನೊಬ್ಬ ಬಂದ್ರೆ ಬಾಕ್ಸ್ ಆಗ್ಬಿಡ್ತೀರಿ, ಅವನ ಬಲಭುಜದ ಹಿಂದೆ ಇರಿ.

ಓವರ್‌ಟೇಕ್ ಮಾಡೋದು ಸ್ಟ್ರೈಟಲ್ಲಿ. ಒಂದು ಪೂರ್ತಿ ಕರ್ವ್‌ನ ಎರಡನೇ ಲೇನಲ್ಲಿ ಓಡಿದ್ರೆ ಸುಮಾರು 3.8 ಮೀಟರ್ ಎಕ್ಸ್‌ಟ್ರಾ, ನಮ್ಮ 2:10 ಹುಡುಗನಿಗೆ ಅದು 0.6 ಸೆಕೆಂಡ್. ಕೊನೇ ಕರ್ವಲ್ಲಿ ಹಾಗೆ ಹೊರಗಡೆ ಓಡ್ಲೇಬೇಕಾಗಿ ಬರಬಾರ್ದು ಅಂದ್ರೆ 500ರಿಂದ 600ರ ನಡುವಿನ ಬ್ಯಾಕ್ ಸ್ಟ್ರೈಟಲ್ಲೇ, ಕರ್ವ್ ಬರೋಕೆ ಮುಂಚೆ, ಒಂದೇ ದಮ್ಮಿಗೆ ಪೂರ್ತಿ ದಾಟಿ ಒಳಗೆ ಬಂದ್ಬಿಡಬೇಕು.